ನಾನೂರು ವ್ಯಾಟ್ ಅಂತೆ, ಬೆನ್ನು ಹೇಳೋದೇ ಬೇರೆ!

ಅಂಗಡಿ ಮಾಡಿಗೆ ಸೋಲಾರ್ ಹಾಕಿಸಲು ಹೊರಟ ಕಿರಾಣಿ ವ್ಯಾಪಾರಿಯೊಬ್ಬರಿಗೆ ಮೊಬೈಲಿನಲ್ಲಿ ‘400 ವ್ಯಾಟ್’ ಪ್ಯಾನೆಲ್ ಅಗ್ಗಕ್ಕೆ ಕಂಡಿತು. ಪರಿಚಯದ ಮೆಕ್ಯಾನಿಕ್ ತಡೆದ: ‘ಅಣ್ಣಾ, ಮೊದಲು ಹಿಂಬದಿ ಫೋಟೋ ತರಿಸಿ.’

ಬಂದ ಫೋಟೋದ ಲೇಬಲ್ಲಿನಲ್ಲಿ Vmp 18 ವೋಲ್ಟ್, Imp 5.6 ಆಂಪಿಯರ್. ಗುಣಿಸಿದರೆ 100.8. ಅಂದರೆ ಮಾಲು ನೂರು ವ್ಯಾಟಿನದು!

ಲೇಬಲ್ಲೇ ಸುಳ್ಳಾಗಿದ್ದರೆ? ಅಳತೆ ಸುಳ್ಳಾಡದು. ಪ್ಯಾನೆಲ್ ಉದ್ದ 1 ಮೀಟರ್, ಅಗಲ 0.67. ಚದರ ಮೀಟರಿಗೆ ನೆತ್ತಿ ಬಿಸಿಲು ಸುಮಾರು 1000 ವ್ಯಾಟ್. ಮಾರುಕಟ್ಟೆಯ ಅತ್ಯುತ್ತಮ ಪ್ಯಾನೆಲ್ಲೂ ಕೊಡುವುದು ಹೆಚ್ಚೆಂದರೆ ಅದರ ಸುಮಾರು ಕಾಲು ಪಾಲು. ಎಷ್ಟೇ ಎಳೆದರೂ 168ರ ಆಸುಪಾಸು.

ಸೆಲ್ಲುಗಳೋ ಒಂದೊಂದು ಬಣ್ಣ, ಮೂಲೆ ಮುರಿದವು. ಜಂಕ್ಷನ್ ಬಾಕ್ಸಿನಲ್ಲಿ ಬೈಪಾಸ್ ಡಯೋಡೇ ನಾಪತ್ತೆ. ಆದರೆ ಸೆಲ್ಲಿನ ಕೂದಲೆಳೆ ಬಿರುಕು ಫೋಟೋದಲ್ಲಿ ಕಾಣದು. ಅದರಿಂದ ವಿದ್ಯುತ್ ಕುಗ್ಗಿದೆಯೇ ಎಂದು ತಿಳಿಯಲು ಬಿಸಿಲಿಗಿಟ್ಟು ಮೀಟರ್ ಹಿಡಿಯಲೇಬೇಕು.

ವ್ಯಾಪಾರಿ ದುಡ್ಡು ಕಳಿಸಲಿಲ್ಲ.