ಪ್ರಿನ್ಸಿಪಾಲರು ವಾಪಸ್ ಕಳಿಸಿದ ಪತ್ರ: ಪ್ರಾಜೆಕ್ಟ್ ಲ್ಯಾಬ್‌ನಲ್ಲಿ ಚಾಟ್‌ಬಾಟ್‌ಗೆ ಅನುಮತಿ ಕೇಳೋದು ಹೇಗೆ?

ಈ ಸಲದ ವಿಷಯ ನಮ್ಮ ಅಪಾರ್ಟ್‌ಮೆಂಟ್‌ನಿಂದಲೇ ಬಂದಿದ್ದು. ದಾವಣಗೆರೆ ಕಡೆಯ ಲೆಕ್ಚರರ್ ಒಬ್ಬರು ನಮ್ಮ ಬ್ಲಾಕ್‌ನಲ್ಲೇ ಇದ್ದಾರೆ, ಓಎಂಆರ್ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡ್ತಾರೆ. ನಾನು ಅಕ್ಕ ಅಂತಲೇ ಕರೆಯೋದು. ಒಂದು ಭಾನುವಾರ ಬಂದು ಕಾಗದ ಮುಂದಿಟ್ಟರು. "ನೀನು ಆಫೀಸಲ್ಲಿ ದಿನಾ ಇದನ್ನೇ ಬಳಸ್ತೀಯಲ್ಲ, ಇದರಲ್ಲಿ ಏನು ತಪ್ಪಿದೆ ನೋಡು" ಅಂದರು.

ಅದು ಪ್ರಿನ್ಸಿಪಾಲರಿಗೆ ಬರೆದ ಮನವಿ. ಕೊನೆಯ ವರ್ಷದ ಪ್ರಾಜೆಕ್ಟ್ ಲ್ಯಾಬ್‌ನಲ್ಲಿ ಚಾಟ್‌ಬಾಟ್ ಬಳಸೋಕೆ ಅನುಮತಿ ಕೊಡಿ ಅಂತ ಎರಡು ಪುಟ. ಅದರಲ್ಲಿ ಒಂದೂವರೆ ಪುಟ ತಂತ್ರಜ್ಞಾನ ಎಷ್ಟು ಬೆಳೆದಿದೆ ಅನ್ನೋದೇ ಇತ್ತು. ಪ್ರಿನ್ಸಿಪಾಲರು ಅಂಚಿನಲ್ಲಿ ಮೂರೇ ಪ್ರಶ್ನೆ ಬರೆದು ವಾಪಸ್ ಕಳಿಸಿದ್ದರು. ಯಾವ ಕೆಲಸಕ್ಕೆ? ಯಾರ ಡೇಟಾ ಎಲ್ಲಿಗೆ ಹೋಗುತ್ತೆ? ಮಾರ್ಕ್ಸ್ ಹೇಗೆ ಕೊಡ್ತೀರಿ?

ನನಗನ್ನಿಸಿದ್ದು, ಪತ್ರ ಇರಬೇಕಾದದ್ದೇ ಆ ಮೂರು ಉತ್ತರಗಳಾಗಿ. ಇಬ್ಬರೂ ಕೂತು ಹಾಗೇ ತಿದ್ದಿದೆವು.

ಮೊದಲನೆಯದು, ಯಾವ ಕೆಲಸಕ್ಕೆ

"ಪ್ರಾಜೆಕ್ಟ್‌ನಲ್ಲಿ ಬಳಕೆ" ಅಂತ ಬರೆದರೆ ಅದರಲ್ಲಿ ಎಲ್ಲವೂ ಬಂದುಬಿಡುತ್ತೆ, ರಿಪೋರ್ಟ್ ಬರೆಸೋದೂ ಸೇರಿ. ಹಾಗಾಗಿ ಎರಡು ಸಾಲಿಗೆ ಇಳಿಸಿದೆವು. ಎರರ್ ಮೆಸೇಜ್ ಅರ್ಥಮಾಡಿಕೊಳ್ಳೋಕೆ ಮತ್ತು ತಾವೇ ಬರೆದ ಕೋಡ್‌ಗೆ ಟೆಸ್ಟ್ ಕೇಸ್ ಬರೆಯೋಕೆ ಬಳಸಬಹುದು. ಡೇಟಾಬೇಸ್ ಡಿಸೈನ್‌ಗೆ, ಮುಖ್ಯ ಲಾಜಿಕ್‌ಗೆ, ರಿಪೋರ್ಟ್‌ಗೆ ಬಳಸೋ ಹಾಗಿಲ್ಲ.

ಈ ಗೆರೆ ಯಾಕೆ ಅಂದರೆ, ಎರರ್‌ಗೆ ಕೊಟ್ಟ ಉತ್ತರ ತಪ್ಪಾಗಿದ್ದರೆ ಕೋಡ್ ಓಡೋದಿಲ್ಲ, ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಡಿಸೈನ್ ತಪ್ಪಾಗಿದ್ದರೆ ಎಲ್ಲವೂ ಓಡುತ್ತೆ, ತಪ್ಪು ಕಾಣೋದು ಕೊನೆಯ ವಾರದಲ್ಲಿ. ಹಾರ್ವರ್ಡ್‌ನ ಸಿಎಸ್50 ಕೋರ್ಸ್ 2023ರಲ್ಲಿ ಇದೇ ರೀತಿ ಗೆರೆ ಎಳೆದಿತ್ತು. ಹೊರಗಿನ ಚಾಟ್‌ಬಾಟ್ ಬೇಡ ಅಂದು, ನೇರ ಉತ್ತರ ಕೊಡದೆ ದಾರಿ ಮಾತ್ರ ತೋರಿಸೋ ತಮ್ಮದೇ ಒಂದು ಬಾಟ್ ಕೊಟ್ಟರು.

ಎರಡನೆಯದು, ಡೇಟಾ

ಅಕ್ಕನಿಗೆ ನಿಜವಾಗಿ ಭಯ ಇದ್ದದ್ದು ಇಲ್ಲೇ. ಹಿಂದಿನ ವರ್ಷ ಒಂದು ಟೀಮ್ ಕ್ಲಿನಿಕ್ ಒಂದಕ್ಕೆ ಅಪಾಯಿಂಟ್‌ಮೆಂಟ್ ಆ್ಯಪ್ ಮಾಡ್ತಿತ್ತು. ಒಬ್ಬ ಹುಡುಗ ರೋಗಿಗಳ ಹೆಸರು, ಫೋನ್ ನಂಬರ್ ಇರೋ ಶೀಟ್ ಅನ್ನೇ ಚಾಟ್‌ಬಾಟ್‌ಗೆ ಅಂಟಿಸಿ "ಈ ಕಾಲಂ ಯಾಕೆ ಓದ್ತಿಲ್ಲ" ಅಂತ ಕೇಳಿದ್ದ. ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಪಾಪ. ಆದರೆ ಹೋದದ್ದನ್ನು ವಾಪಸ್ ತರೋಕಾಗಲ್ಲ.

ಇದು ಬರೀ ಹುಡುಗರ ತಪ್ಪಲ್ಲ. 2023ರಲ್ಲಿ ಸ್ಯಾಮ್‌ಸಂಗ್‌ನ ಎಂಜಿನಿಯರ್‌ಗಳೇ ಕಂಪನಿಯ ಸೋರ್ಸ್ ಕೋಡ್ ಹೀಗೆ ಅಂಟಿಸಿದ್ದು ಹೊರಬಂದ ಮೇಲೆ ಕಂಪನಿ ಅಂಥ ಟೂಲ್‌ಗಳನ್ನ ನಿಷೇಧಿಸಿತ್ತು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ 18 ತುಂಬದವರು ಮಕ್ಕಳು, ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು. ಹಾಗಾಗಿ 17 ವರ್ಷದವರೂ ಇರೋ ಮೊದಲ ವರ್ಷದ ಲ್ಯಾಬ್ ಬಿಟ್ಟು, ಕೊನೆಯ ವರ್ಷಕ್ಕೆ ಮಾತ್ರ ಅನುಮತಿ ಕೇಳಿದೆವು.

"ಎಚ್ಚರ ವಹಿಸಲಾಗುವುದು" ಅಂತ ಬರೆದರೆ ಪ್ರಿನ್ಸಿಪಾಲರಿಗೆ ಏನೂ ಸಿಗಲ್ಲ. ನಿಜವಾದ ಡೇಟಾ ಲ್ಯಾಬ್ ಮೆಷಿನ್‌ಗೇ ಬರೋದಿಲ್ಲ ಅಂತ ಬರೆದೆವು. ಬದಲಿಗೆ ಮೊದಲ ದಿನವೇ ಪ್ರತಿ ಟೀಮ್ ಸುಳ್ಳು ಡೇಟಾ ತಯಾರಿಸಬೇಕು. ಪೈಥಾನ್‌ನಲ್ಲಿ ಇಷ್ಟೇ ಕೆಲಸ:

```python
from faker import Faker
f = Faker("en_IN")
for _ in range(50):
    print(f.name(), f.phone_number())
```

ಒಂದು ಎಚ್ಚರಿಕೆ. ಹೀಗೆ ಬಂದ ನಂಬರ್ ಯಾರದೋ ನಿಜವಾದ ನಂಬರ್ ಆಗಿರಬಹುದು. ಆ್ಯಪ್‌ನ ಎಸ್ಎಂಎಸ್ ಟೆಸ್ಟ್ ಮಾಡುವಾಗ ಮೆಸೇಜ್ ನಿಜವಾಗಿ ಹೋಗದ ಹಾಗೆ ಆಫ್ ಮಾಡಿರಬೇಕು. ಇದನ್ನೂ ಪತ್ರಕ್ಕೆ ಸೇರಿಸಿದೆವು.

ಮೂರನೆಯದು, ಮಾರ್ಕ್ಸ್

ಪ್ರಿನ್ಸಿಪಾಲರು ಬಾಯಲ್ಲಿ ಇನ್ನೊಂದು ಮಾತು ಹೇಳಿದ್ದರಂತೆ: "ಎಐ ಬರೆದದ್ದನ್ನ ಹಿಡಿಯೋ ಸಾಫ್ಟ್‌ವೇರ್ ಇದೆಯಲ್ಲ, ಅದನ್ನ ಹಾಕೋಣ." ಇದಕ್ಕೆ ಮಾತ್ರ ಬೇಡ ಅಂತ ಬರೆಯಲೇಬೇಕು ಅಂದೆ.

ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥ ಒಂದು ಟೂಲ್ ಬಿಟ್ಟಿತ್ತು. ಅವರದೇ ಪರೀಕ್ಷೆಯಲ್ಲಿ ಎಐ ಬರೆದ ಪಠ್ಯದಲ್ಲಿ ಶೇ 26 ಮಾತ್ರ ಸಿಕ್ಕಿಬಿತ್ತು. ಮನುಷ್ಯರು ಬರೆದದ್ದರಲ್ಲಿ ಶೇ 9ನ್ನ ಎಐ ಅಂದುಬಿಟ್ಟಿತು. ಜುಲೈನಲ್ಲಿ ಅದನ್ನ ಹಿಂತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಏಳು ಡಿಟೆಕ್ಟರ್‌ಗಳಿಗೆ ಟೋಫೆಲ್ ಪರೀಕ್ಷೆಯ ಪ್ರಬಂಧಗಳನ್ನ ಕೊಟ್ಟರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಸ್ವತಃ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನ ಎಐ ಬರೆದದ್ದು ಅಂದವು. ಸರಳ ಪದ, ಊಹಿಸಬಹುದಾದ ವಾಕ್ಯ ಕಂಡರೆ ಇವಕ್ಕೆ ಅನುಮಾನ. ತಮಿಳು ಮಾಧ್ಯಮದಲ್ಲಿ ಓದಿ ಬಂದ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಓದಿದ ನಾನು ನೀವು, ನಮ್ಮ ಇಂಗ್ಲಿಷ್ ಹಾಗೇ ಇರುತ್ತಲ್ವಾ? ತಾನೇ ಕಷ್ಟಪಟ್ಟು ಬರೆದವಳನ್ನ ಕಳ್ಳಿ ಅಂದಂಗಾಗುತ್ತೆ.

ಹಾಗಾದರೆ ಹಿಡಿಯೋದು ಹೇಗೆ? ವೈವಾದಲ್ಲಿ. ಪ್ರತಿಯೊಬ್ಬರೂ ಪರೀಕ್ಷಕರ ಮುಂದೆ ತಮ್ಮ ಕೋಡ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಬೇಕು. ಕ್ಲಿನಿಕ್ ಆ್ಯಪ್ ಆದರೆ, "ಒಂದೇ ಸಮಯಕ್ಕೆ ಇಬ್ಬರು ಬುಕ್ ಮಾಡದ ಹಾಗೆ ಮಾಡಿ" ಅನ್ನೋದು. ತನ್ನ ಕೋಡ್ ಗೊತ್ತಿರೋನು ಯಾವ ಫೈಲ್ ತೆಗೀಬೇಕು ಅಂತ ನೇರ ಹೋಗ್ತಾನೆ. ಗೊತ್ತಿಲ್ಲದೋನು ಫೋಲ್ಡರ್‌ಗಳನ್ನ ಒಂದೊಂದೇ ತೆರೀತಾ ಕೂರ್ತಾನೆ. ಅರ್ಧ ನಿಮಿಷದಲ್ಲಿ ಗೊತ್ತಾಗಿಬಿಡುತ್ತೆ.

ಇದಕ್ಕೆ ಸಮಯ ಬೇಕು, ಪತ್ರದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗೋದು ಇದೇ. 60 ವಿದ್ಯಾರ್ಥಿಗಳು, ತಲಾ 10 ನಿಮಿಷ ಅಂದರೆ 600 ನಿಮಿಷ, ಅಂದರೆ 10 ಗಂಟೆ. ಮೂರು ಗಂಟೆಯ ಲ್ಯಾಬ್ ಅವಧಿಯಲ್ಲಿ ಒಬ್ಬರೇ ಮಾಡಿದರೆ ನಾಲ್ಕು ಅವಧಿ, ಇಬ್ಬರು ಪರೀಕ್ಷಕರಾದರೆ ಎರಡು. ಹಾಗಾಗಿ ಅಕ್ಕ ಕೊನೆಗೆ ಕೇಳಿದ್ದು ದುಡ್ಡಲ್ಲ, ಎರಡು ಅವಧಿ ಮತ್ತು ಇನ್ನೊಬ್ಬ ಲೆಕ್ಚರರ್.

ಇಂಗ್ಲಿಷ್‌ನಲ್ಲಿ ಹೋದ ಪತ್ರದ ತಿರುಳು ಕನ್ನಡದಲ್ಲಿ ಇಷ್ಟು:

"ಮಾನ್ಯರೇ, ಕೊನೆಯ ವರ್ಷದ ಪ್ರಾಜೆಕ್ಟ್ ಲ್ಯಾಬ್‌ನಲ್ಲಿ ಆರು ವಾರಗಳ ಪ್ರಯೋಗಕ್ಕೆ ಅನುಮತಿ ಕೋರುತ್ತೇನೆ. 15 ಟೀಮ್‌ಗಳು ಎರರ್ ಅರ್ಥಮಾಡಿಕೊಳ್ಳಲು ಮತ್ತು ಟೆಸ್ಟ್ ಕೇಸ್ ಬರೆಯಲು ಮಾತ್ರ ಚಾಟ್‌ಬಾಟ್ ಬಳಸುತ್ತವೆ. ಕೇಳಿದ ಪ್ರತಿ ಪ್ರಶ್ನೆಯನ್ನೂ ಕೋಡ್ ಜೊತೆಗೇ ಒಂದು ಫೈಲ್‌ನಲ್ಲಿ ಇಡುತ್ತವೆ. ನಿಜವಾದ ವ್ಯಕ್ತಿಗಳ ಮಾಹಿತಿ ಬಳಸುವುದಿಲ್ಲ. ಒಮ್ಮೆ ಬಳಸಿದರೂ ಆ ಟೀಮ್‌ನ ಅನುಮತಿ ರದ್ದು. ಡಿಟೆಕ್ಟರ್ ಫಲಿತಾಂಶದ ಮೇಲೆ ಯಾರ ಮೇಲೂ ಕ್ರಮ ಇಲ್ಲ. ಮೌಲ್ಯಮಾಪನ ವೈವಾದಲ್ಲಿ; ಅದಕ್ಕೆ ಎರಡು ಲ್ಯಾಬ್ ಅವಧಿ ಮತ್ತು ಒಬ್ಬ ಸಹಪರೀಕ್ಷಕರು ಬೇಕು. ಮೂರನೇ ವಾರದ ಪರಿಶೀಲನೆಯಲ್ಲಿ ಐದಕ್ಕಿಂತ ಹೆಚ್ಚು ಟೀಮ್‌ಗಳು ತಮ್ಮ ಕೋಡ್ ವಿವರಿಸಲಾಗದಿದ್ದರೆ ನಾನೇ ನಿಲ್ಲಿಸುತ್ತೇನೆ."

ಕೊನೆಯ ವಾಕ್ಯ ಬರೆಯೋಕೆ ಅಕ್ಕ ಹಿಂಜರಿದರು. "ನನ್ನ ಮೇಲೆ ನಾನೇ ಹಾಕ್ಕೊಂಡಂಗಾಯ್ತಲ್ಲೋ" ಅಂದರು. ಆಮೇಲೆ ಅವರೇ ಬರೆದರು. ಪ್ರಿನ್ಸಿಪಾಲರು ಸಹಿ ಮಾಡಿದ್ದು ಪತ್ರ ಪೂರ್ತಿ ನೋಡಿ, ಆದರೆ ಪೆನ್ನಿನಿಂದ ಅಡಿಗೆರೆ ಎಳೆದಿದ್ದು ಆ ಒಂದು ವಾಕ್ಯಕ್ಕೆ. ಆರು ವಾರಕ್ಕೆ ಅನುಮತಿ ಸಿಕ್ಕಿತು. ಸಹಪರೀಕ್ಷಕರು ಮಾತ್ರ ಒಂದು ಅವಧಿಗಷ್ಟೇ. ಹಾಗಾಗಿ ಇನ್ನೊಂದು ಅವಧಿಯ ಜೊತೆಗೆ ಒಂದು ಶನಿವಾರ ಅಕ್ಕ ಒಬ್ಬರೇ ಕೂರಬೇಕು. ಮೂರನೇ ವಾರ ಏನಾಯ್ತು ಅಂತ ಆಮೇಲೆ ಹೇಳ್ತೀನಿ.