ಕೆಮ್ಮು ನಿಂತಿತು, ರೋಗ ನಿಲ್ಲಲಿಲ್ಲ

ಹಳ್ಳಿಯ ಸಭೆಗಳಲ್ಲಿ ಆ್ಯಂಟಿಬಯೋಟಿಕ್ ಬಗ್ಗೆ ಮಾತು ಶುರು ಮಾಡಿದರೆ ಯಾರಾದರೊಬ್ಬರು ಜೇಬಿನಿಂದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದು ತೋರಿಸುತ್ತಾರೆ. ಮೆಡಿಕಲ್ ಸ್ಟೋರಿನಲ್ಲಿ ‘ಜ್ವರ, ಕೆಮ್ಮಿಗೆ ಎರಡು ಹೊತ್ತಿನದು ಕೊಡಿ’ ಎಂದು ಕೇಳಿ ತಂದದ್ದು. ಒಳಗೆ ಕತ್ತರಿಸಿದ ಸ್ಟ್ರಿಪ್‌ನ ನಾಲ್ಕಾರು ತುಂಡುಗಳಿರುತ್ತವೆ. ಜ್ವರದ್ದೊಂದು, ಗ್ಯಾಸ್ಟ್ರಿಕ್‌ನದೊಂದು, ನೆಗಡಿಯದೊಂದು, ಜೊತೆಗೆ ‘ಸ್ವಲ್ಪ ಪವರ್ ಇರುವ’ ಒಂದು ದೊಡ್ಡ ಮಾತ್ರೆ. ಆ ದೊಡ್ಡ ಮಾತ್ರೆಯೇ ಆ್ಯಂಟಿಬಯೋಟಿಕ್. ಸ್ಟ್ರಿಪ್ ಕತ್ತರಿಸುವಾಗ ಅದರ ಹೆಸರು ಅರ್ಧ ಹೋಗಿರುತ್ತದೆ, ಅವಧಿ ಮುಗಿಯುವ ದಿನಾಂಕವೂ ಹೋಗಿರುತ್ತದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರಬಾರದು ಎಂದು ಎಚ್ಚರಿಸುವ ಕೆಂಪು ಗೆರೆ ಮಾತ್ರ ಕೆಲವೊಮ್ಮೆ ತುಂಡಿನ ಅಂಚಿನಲ್ಲಿ ಉಳಿದಿರುತ್ತದೆ.

ನೆಗಡಿ, ಸಾಧಾರಣ ಕೆಮ್ಮು, ಫ್ಲೂ ಜ್ವರ ಬರುವುದು ವೈರಸ್‌ನಿಂದ. ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಹಾಗಾಗಿ ಇಂಥ ಕೆಮ್ಮಿಗೆ ಆ ಮಾತ್ರೆಯಿಂದ ಏನೂ ಪ್ರಯೋಜನವಿಲ್ಲ, ಅದು ತಾನಾಗಿಯೇ ಇಳಿಯುತ್ತದೆ. ಆದರೆ ಆ ಪೊಟ್ಟಣ ಇನ್ನೊಂದು ಬಗೆಯ ಕೆಮ್ಮಿಗೂ ಹೋಗುತ್ತದೆ. ನನಗೆ ಹೆಚ್ಚು ಆತಂಕ ಅದರದ್ದೇ.

ನಲವತ್ತು ದಾಟಿದ, 52 ಕೆಜಿ ತೂಕದ ಒಬ್ಬ ಕೂಲಿ ಕಾರ್ಮಿಕನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೂರು ವಾರದಿಂದ ಕೆಮ್ಮು, ಸಂಜೆಯಾದರೆ ಮೈ ಬೆಚ್ಚಗೆ, ಊಟ ಸೇರುತ್ತಿಲ್ಲ. ಅಂಗಡಿಯಲ್ಲಿ ಅವನಿಗೆ ಐದು ದಿನಕ್ಕೆ ಲಿವೊಫ್ಲಾಕ್ಸಸಿನ್ ಕೊಟ್ಟರು ಎಂದಿಟ್ಟುಕೊಳ್ಳಿ. ಕೆಮ್ಮು ಕಡಿಮೆಯಾಯಿತು, ಜ್ವರ ಬಿಟ್ಟಿತು. ಮಾತ್ರೆ ಚೆನ್ನಾಗಿ ಕೆಲಸ ಮಾಡಿತು ಎಂದು ಅವನು ನಂಬುತ್ತಾನೆ. ಆದರೆ ಅವನಿಗಿದ್ದದ್ದು ಕ್ಷಯ. ಲಿವೊಫ್ಲಾಕ್ಸಸಿನ್ ಕ್ಷಯದ ರೋಗಾಣುವನ್ನೂ ಸ್ವಲ್ಪ ಮಟ್ಟಿಗೆ ಕೊಲ್ಲುತ್ತದೆ. ರೋಗ ಗುಣವಾಗುವಷ್ಟಲ್ಲ, ಲಕ್ಷಣ ಮರೆಯಾಗುವಷ್ಟು. ಕೆಲವು ವಾರ ಕಳೆದು ಕೆಮ್ಮು ಮರಳಿ ಬರುತ್ತದೆ, ಅವನು ಮತ್ತೆ ಅದೇ ಮಾತ್ರೆ ತರುತ್ತಾನೆ. ಕಫ ಪರೀಕ್ಷೆ ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ. ಅಷ್ಟು ದಿನವೂ ಅವನು ಒಂದೇ ಕೋಣೆಯಲ್ಲಿ ಮಲಗುವ ಹೆಂಡತಿ ಮಕ್ಕಳ ನಡುವೆ ಕೆಮ್ಮುತ್ತಿರುತ್ತಾನೆ. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಆಗಬೇಕಾದದ್ದು ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ರೂಪುಗೊಂಡ ‘ಟ್ರೂನ್ಯಾಟ್’ ಎಂಬ ಸಣ್ಣ ಯಂತ್ರ ಕ್ಷಯ ಇದೆಯೇ, ಇದ್ದರೆ ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಬಗ್ಗುತ್ತದೆಯೇ ಎಂಬುದನ್ನು ಕೆಲವೇ ಗಂಟೆಗಳಲ್ಲಿ ಹೇಳಬಲ್ಲದು.

ಪರೀಕ್ಷೆಯಲ್ಲಿ ಕ್ಷಯ ಖಚಿತವಾದರೆ ಅವನಿಗೆ ದಿನಕ್ಕೆ ನಾಲ್ಕು ಮಾತ್ರೆ. ತೂಕ ನೋಡಿ ಈ ಸಂಖ್ಯೆ ನಿಗದಿಯಾಗುತ್ತದೆ. ಪ್ರತಿ ಮಾತ್ರೆಯಲ್ಲೂ ನಾಲ್ಕು ಔಷಧಿ ಬೆರೆತಿರುತ್ತವೆ. ಎರಡು ತಿಂಗಳು ಹೀಗೆ ನುಂಗಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ ಬೆರೆತ ಮಾತ್ರೆ. ಒಟ್ಟು ಆರು ತಿಂಗಳು, ಪ್ರತಿದಿನ.

ನಾಲ್ಕು ಔಷಧಿ ಯಾಕೆ? ಶ್ವಾಸಕೋಶದಲ್ಲಿ ಕ್ಷಯ ಕೊರೆದ ಒಂದು ಗುಳಿಯಲ್ಲಿ ಸುಮಾರು ಹತ್ತು ಕೋಟಿ ರೋಗಾಣು ಇರಬಹುದು. ಅವು ಮರಿ ಹಾಕುವಾಗ ಅಲ್ಲೊಂದು ಇಲ್ಲೊಂದು ಹುಟ್ಟಿನಿಂದಲೇ ಬೇರೆಯಾಗಿರುತ್ತವೆ. ಐಸೋನಿಯಾಜಿಡ್ ಎಂಬ ಔಷಧಿಗೆ ಜಗ್ಗದ ರೋಗಾಣು ಸುಮಾರು ಹತ್ತು ಲಕ್ಷಕ್ಕೆ ಒಂದು. ಅದೊಂದನ್ನೇ ಕೊಟ್ಟರೆ ಹತ್ತು ಕೋಟಿಯಲ್ಲಿ ನೂರರಷ್ಟು ಬದುಕಿ ಉಳಿದು, ಖಾಲಿಯಾದ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ. ರಿಫಾಂಪಿಸಿನ್‌ಗೆ ಜಗ್ಗದ್ದು ಸುಮಾರು ಹತ್ತು ಕೋಟಿಗೆ ಒಂದು. ಎರಡಕ್ಕೂ ಒಟ್ಟಿಗೆ ಜಗ್ಗದ ರೋಗಾಣು ಆ ಗುಳಿಯಲ್ಲಿ ಇರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಈ ಪಾಠವನ್ನು ವೈದ್ಯಲೋಕ ಕಲಿತದ್ದು ದೊಡ್ಡ ಬೆಲೆ ತೆತ್ತು. 1948ರಲ್ಲಿ ಬ್ರಿಟನ್ನಿನ ವೈದ್ಯರು ಸ್ಟ್ರೆಪ್ಟೋಮೈಸಿನ್ ಒಂದನ್ನೇ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳ ಹೊತ್ತಿಗೆ ಔಷಧಿ ಪಡೆದ 55 ಜನರಲ್ಲಿ ಸತ್ತವರು ನಾಲ್ವರು, ಪಡೆಯದ 52 ಜನರಲ್ಲಿ 14. ಆದರೆ ಔಷಧಿ ಪಡೆದ ಅನೇಕರಲ್ಲಿ ರೋಗಾಣು ಆ ಔಷಧಿಗೆ ಬಗ್ಗದಂತಾಯಿತು, ಐದು ವರ್ಷದೊಳಗೆ ಆ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು.

ಇನ್ನು ಆರು ತಿಂಗಳ ವಿಚಾರ. ನಮ್ಮ ಕಾರ್ಮಿಕ ತಿಂಗಳೊಪ್ಪತ್ತಿನಲ್ಲೇ ಚೇತರಿಸಿಕೊಳ್ಳುತ್ತಾನೆ. ಹಸಿವಾಗುತ್ತದೆ, ತೂಕ ಏರುತ್ತದೆ, ಕೆಲಸಕ್ಕೂ ಹೋಗುತ್ತಾನೆ. ಚುರುಕಾಗಿ ಮರಿ ಹಾಕುತ್ತಿದ್ದ ರೋಗಾಣುಗಳೆಲ್ಲ ಆಗಲೇ ಸತ್ತಿರುತ್ತವೆ. ಉಳಿದಿರುವುದು ನಿದ್ದೆಯಲ್ಲಿರುವಂಥವು. ಕ್ಷಯದ ರೋಗಾಣು ಒಂದು ಎರಡಾಗಲು ಸುಮಾರು ಇಪ್ಪತ್ತು ಗಂಟೆ ಬೇಕು, ನಿದ್ದೆಯಲ್ಲಿದ್ದರೆ ಇನ್ನೂ ಹೆಚ್ಚು. ಎಚ್ಚರವಿದ್ದಾಗ ಕೊಲ್ಲುವುದು ಸುಲಭ, ಮಲಗಿದ್ದಾಗ ಬಲು ನಿಧಾನ. ಹೊಲದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಗರಿಕೆಯನ್ನು ಮೇಲೆ ಮೇಲೆ ಕೊಯ್ದರೆ ಹೊಲ ಶುದ್ಧವಾಗಿ ಕಾಣುತ್ತದೆ, ಬೇರು ಒಳಗೇ ಇರುತ್ತದೆ.

ಮಾತ್ರೆ ಬಿಡಲು ಜನರಿಗೆ ಅವರದೇ ಕಾರಣಗಳಿವೆ. ‘ಹುಷಾರಾದ್ಮೇಲೂ ನುಂಗ್ತಿದ್ರೆ ಉಷ್ಣ ಆಗಲ್ವಾ ಸಾರ್?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಅದರ ಹಿಂದೆ ಹಲವು ಸಲ ಒಂದು ನಿಜವಾದ ಗಾಬರಿ ಇರುತ್ತದೆ. ರಿಫಾಂಪಿಸಿನ್ ತೆಗೆದುಕೊಂಡವರ ಮೂತ್ರ ಕಿತ್ತಳೆಗೆಂಪಾಗುತ್ತದೆ. ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದುಕೊಂಡು ಮಾತ್ರೆ ಬಿಡುತ್ತಾರೆ. ಅದು ಔಷಧಿಯ ಬಣ್ಣ, ಅಪಾಯವಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಔಷಧಿ ನಿಲ್ಲಿಸಿ ಬದಲಿಸುತ್ತಾರೆ. ‘ಏನಾದರೂ ಆಗಲಿ, ನುಂಗುತ್ತಲೇ ಇರಿ’ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಪೂರ್ತಿ ಬಿಡುವುದಕ್ಕಿಂತಲೂ ಕೆಟ್ಟದ್ದು ಬಿಟ್ಟು ಬಿಟ್ಟು ನುಂಗುವುದು. ಬಿಟ್ಟವನ ರೋಗ ಮರುಕಳಿಸಿದಾಗ ಹಳೆಯ ಔಷಧಿ ಕೇಳುವ ಸಾಧ್ಯತೆ ಇನ್ನೂ ಉಂಟು. ಕೆಮ್ಮು ಬಂದಾಗ ನಾಲ್ಕು ದಿನ, ಆಸ್ಪತ್ರೆಯವರು ಬಂದಾಗ ಎರಡು ದಿನ ಎಂದು ನುಂಗುವವನು ಮಾತ್ರ ಜಗ್ಗದ ರೋಗಾಣುಗಳನ್ನು ಆರಿಸಿ ಆರಿಸಿ ಉಳಿಸುತ್ತಾನೆ. ಆಗ ಐಸೋನಿಯಾಜಿಡ್, ರಿಫಾಂಪಿಸಿನ್ ಎರಡೂ ಕೈಕೊಡುತ್ತವೆ. ಅಂಥ ಕ್ಷಯಕ್ಕೆ ಬೇರೆಯೇ ಔಷಧಿ, ಹೆಚ್ಚು ಅಡ್ಡಪರಿಣಾಮ. ಕೆಲವು ವರ್ಷಗಳ ಹಿಂದಿನವರೆಗೆ ತಿಂಗಳುಗಟ್ಟಲೆ ಚುಚ್ಚುಮದ್ದು ಪಡೆದು ಕಿವಿಯ ಶಕ್ತಿ ಕಳೆದುಕೊಂಡವರಿದ್ದರು. ಈಗ ಬಾಯಿಂದ ನುಂಗುವ ಔಷಧಿಗಳೇ ಹೆಚ್ಚು. ಅವುಗಳಲ್ಲಿ ಮುಖ್ಯವಾದವು ಲಿವೊಫ್ಲಾಕ್ಸಸಿನ್ ಮತ್ತು ಅದೇ ಕುಟುಂಬದ ಮಾಕ್ಸಿಫ್ಲಾಕ್ಸಸಿನ್. ಹಿಂದೆ ಅಂಗಡಿಯಿಂದ ಚೀಟಿಯಿಲ್ಲದೆ ತಂದು ಐದೈದು ದಿನ ನುಂಗಿದ್ದು ಇದೇ ಕುಟುಂಬದ ಮಾತ್ರೆ. ಕಡೆಯ ಹೊತ್ತಿಗೆ ಬೇಕಾದ ಔಷಧಿಗೂ ರೋಗಾಣು ಆಗಲೇ ಪಳಗಿಬಿಟ್ಟಿರಬಹುದು. ಇಂಥವನ ಕೆಮ್ಮಿನಿಂದ ಮಗಳಿಗೆ ಸೋಂಕು ತಗುಲಿದರೆ ಅವಳಿಗೆ ಬರುವುದೂ ಜಗ್ಗದ ಕ್ಷಯವೇ. ಅವಳು ಒಂದು ಮಾತ್ರೆಯನ್ನೂ ತಪ್ಪಾಗಿ ನುಂಗಿರುವುದಿಲ್ಲ.

ಎಲ್ಲ ಕಾಯಿಲೆಗೂ ಆರು ತಿಂಗಳು ಬೇಕಿಲ್ಲ. ಉರಿಮೂತ್ರಕ್ಕೆ ಮೂರೋ ಐದೋ ದಿನ, ನ್ಯುಮೋನಿಯಾಕ್ಕೆ ಹಲವರಿಗೆ ಐದು ದಿನ ಸಾಕಾಗುತ್ತದೆ. ಹೆಚ್ಚು ದಿನ ನುಂಗಿದಷ್ಟೂ ಒಳ್ಳೆಯದು ಎಂಬುದೂ ತಪ್ಪು. ಎಷ್ಟು ದಿನ ಎಂಬುದನ್ನು ಚೀಟಿ ಬರೆದವರನ್ನೇ ಕೇಳಿ. ಮನೆಯಲ್ಲಿ ಉಳಿದ ಮಾತ್ರೆಯನ್ನು ಪಕ್ಕದ ಮನೆಯವರ ಜ್ವರಕ್ಕೆ ಕೊಡಬೇಡಿ.

ಕಾಫಿ ತೋಟಕ್ಕೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೊರಟವರು ಕ್ಷಯದ ಮಾತ್ರೆ ಬಿಡುವುದು ಹೆಚ್ಚು. ನೋಂದಣಿಯಾದ ರೋಗಿಯ ಚಿಕಿತ್ಸೆಯನ್ನು ಬೇರೆ ಊರಿನ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಲು ಬರುತ್ತದೆ. ಹೊರಡುವ ಮುಂಚೆ ಆಶಾ ಕಾರ್ಯಕರ್ತೆಗೆ ಹೋಗುವ ಊರಿನ ಹೆಸರು ಹೇಳಿ, ಚಿಕಿತ್ಸೆಯ ಕಾರ್ಡನ್ನು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು, ದಾರಿಯ ದಿನಗಳಿಗೂ ಸೇರಿಸಿ ಮಾತ್ರೆ ಕೇಳಿ ಪಡೆಯಿರಿ.