ಮಾಸಿದ ಪೋಸ್ಟರಿನ ಅಕ್ಷರಗಳಿಗೆ ಮರುರೂಪ

ಹಳೆಯ ಸಿನಿಮಾ ಪೋಸ್ಟರುಗಳ ಶೀರ್ಷಿಕೆಗಳನ್ನು ಬಹುಮಟ್ಟಿಗೆ ಕಲಾವಿದರು ಕುಂಚದಿಂದಲೇ ಬರೆಯುತ್ತಿದ್ದರು. ಒಂದೊಂದು ಚಿತ್ರಕ್ಕೂ ಅಕ್ಷರಗಳ ವಾಲು, ದಪ್ಪ, ನೆರಳು ಬೇರೆ ಬೇರೆ. ಹಾಗಾಗಿ ಅವು ಮಾಸಿದಾಗ ಕಂಪ್ಯೂಟರಿನ ಫಾಂಟ್ ತಂದು ಆ ಜಾಗದಲ್ಲಿ ಕೂರಿಸಿದರೆ ಪೋಸ್ಟರಿನ ಕಳೆಯೇ ಹೋಗುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಉಳಿದಿರುವ ಗುರುತುಗಳನ್ನು ಹಿಡಿದು ಒಂದೊಂದೇ ಅಕ್ಷರವನ್ನು ಮತ್ತೆ ಬರೆಯುವುದೇ ಸರಿಯಾದ ದಾರಿ.

ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಮೊದಲ ಚಿತ್ರ, 1954ರ ‘ಬೇಡರ ಕಣ್ಣಪ್ಪ’ದ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹಳದಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ ಈ ಹೆಸರನ್ನು ಬರೆದ ಪೋಸ್ಟರು ಬಿಸಿಲಿಗೆ ಬಿಳಿಚಿಕೊಂಡಿದೆ, ಮಡಿಕೆಯ ಗೆರೆಯೊಂದು ‘ಣ್ಣ’ದ ಮೇಲೆ ಹಾದುಹೋಗಿದೆ ಎಂದು ಊಹಿಸಿಕೊಂಡರೆ, ಕೆಲಸದ ಮುಖ್ಯ ತೊಡಕುಗಳೆಲ್ಲ ಇದರಲ್ಲೇ ಸಿಗುತ್ತವೆ.

ಶೀರ್ಷಿಕೆಯ ಭಾಗವನ್ನು ಇಂಚಿಗೆ 600 ಚುಕ್ಕೆಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ TIFF ಕಡತವಾಗಿ ಉಳಿಸಿಕೊಳ್ಳಬೇಕು. JPEG ಕಡತವನ್ನು ಕುಗ್ಗಿಸುವಾಗ ತೆಳುವಾಗಿ ಉಳಿದ ಬಣ್ಣದ ಅಂಚುಗಳನ್ನೇ ಮೊದಲು ಕೆಡಿಸುತ್ತದೆ. ಮುದ್ರಣದ ಶಾಯಿಗಳಲ್ಲಿ ಹಳದಿಯೂ ಮಜಂತವೂ ಬೆಳಕಿಗೆ ಬೇಗ ಸೋಲುತ್ತವೆ. ಕಪ್ಪು ಹೆಚ್ಚು ಕಾಲ ತಾಳುತ್ತದೆ. ಮಜಂತ, ಹಳದಿ ಸೇರಿ ಆದ ಕೆಂಪು ಅಕ್ಷರ ತಿಳಿಗುಲಾಬಿಯಾಗುವುದು ಇದರಿಂದಲೇ. ಕಣ್ಣಿಗೆ ಅದು ಹಿನ್ನೆಲೆಯಲ್ಲಿ ಕರಗಿಹೋದಂತೆ ಕಂಡರೂ ಸ್ಕ್ಯಾನಿನ ಹಸಿರು ಚಾನೆಲನ್ನು ಮಾತ್ರ ಬಿಡಿಸಿ ನೋಡಿದಾಗ ಅಕ್ಷರ ಎದ್ದು ನಿಲ್ಲುತ್ತದೆ. ಹಳದಿ ಶಾಯಿ ಹಸಿರು ಬೆಳಕನ್ನು ಹಿಂದಿರುಗಿಸುತ್ತದೆ, ಅಳಿದುಳಿದ ಮಜಂತ ಅದನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಹಿನ್ನೆಲೆ ಬೆಳ್ಳಗೆ, ಅಕ್ಷರ ಕಪ್ಪಗೆ ಕಾಣುತ್ತದೆ. ಕೆಂಪು ಚಾನೆಲಿನಲ್ಲಿ ಎರಡೂ ಬೆಳ್ಳಗಿರುತ್ತವೆ, ನೀಲಿಯಲ್ಲಿ ಎರಡೂ ಕಪ್ಪಗಾಗುತ್ತವೆ. ಗೆರೆ ಎಳೆಯುವುದಕ್ಕೆ ಆಧಾರವಾಗುವುದು ಈ ಹಸಿರು ಚಾನೆಲಿನ ಚಿತ್ರ.

ಮುಂದಿನದು ಗೆರೆ ಯಾವುದು, ಗಾಯ ಯಾವುದು ಎಂದು ತೀರ್ಮಾನಿಸುವ ಕೆಲಸ. ಕನ್ನಡದಲ್ಲಿ ಇದು ಬಹಳ ಸೂಕ್ಷ್ಮ. ‘ರ’ದ ನಡುವೆ ಒಂದು ಕಲೆ ಬಿದ್ದರೆ ಅದು ‘ಠ’ದಂತೆ ಕಾಣುತ್ತದೆ. ‘ಡ’ದ ಬುಡದಲ್ಲಿ ಕಾಗದ ಸೀಳಿದ್ದರೆ ‘ಢ’ ಆಗಿಬಿಡುತ್ತದೆ. ‘ಪ’ದ ಒಳಗೆ ಗೀರು ಹಾದರೆ ‘ಷ’ದ ಭ್ರಮೆ ಹುಟ್ಟುತ್ತದೆ. ಇಂಥಲ್ಲಿ ಮೂರೂ ಚಾನೆಲುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಶಾಯಿಯ ಗುರುತು ಚಾನೆಲಿನಿಂದ ಚಾನೆಲಿಗೆ ಬದಲಾಗುತ್ತದೆ. ಕೊಳೆ, ಮಡಿಕೆಯ ನೆರಳುಗಳು ಸಾಮಾನ್ಯವಾಗಿ ಮೂರರಲ್ಲೂ ಕಪ್ಪಗೇ ಉಳಿಯುತ್ತವೆ.

ಇಂಕ್‌ಸ್ಕೇಪ್‌ನಂಥ ವೆಕ್ಟರ್ ತಂತ್ರಾಂಶದಲ್ಲಿ ಸ್ಕ್ಯಾನನ್ನು ಅರೆಪಾರದರ್ಶಕವಾಗಿ ಕೆಳಗಿನ ಪದರದಲ್ಲಿ ಇಟ್ಟು, ಅದು ಅಲುಗದಂತೆ ಬೀಗ ಹಾಕಿ, ಮೇಲಿನ ಪದರದಲ್ಲಿ ಪೆನ್ ಸಲಕರಣೆಯಿಂದ ಅಂಚನ್ನು ಬರೆಯುತ್ತಾರೆ. ತಂತ್ರಾಂಶವೇ ಅಂಚು ಹಿಡಿಯುವ ಸೌಲಭ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಉದುರಿದ ಶಾಯಿಯ ಹರಕನ್ನೂ ಅದು ಅಕ್ಷರದ ಆಕಾರವೆಂದೇ ಎಣಿಸಿ ನೂರಾರು ಬಿಂದುಗಳನ್ನು ಹಾಕುತ್ತದೆ. ಕೈಯಿಂದ ಬರೆಯುವವರು ತಿರುವಿನ ತುತ್ತತುದಿಗಳಲ್ಲಿ, ಅಂದರೆ ಗೆರೆ ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ ಮುಟ್ಟುವಲ್ಲಿ ಮಾತ್ರ ಬಿಂದು ಇಡುತ್ತಾರೆ. ಬಿಂದುಗಳು ಕಡಿಮೆಯಾದಷ್ಟೂ ಕುಂಚದ ಓಟ ನಯವಾಗಿ ಬರುತ್ತದೆ.

ಪೂರ್ತಿ ಅಳಿಸಿಹೋದ ಭಾಗಕ್ಕೆ ಉಳಿದ ಅಕ್ಷರಗಳೇ ಸಾಕ್ಷಿ. ಈ ಶೀರ್ಷಿಕೆಯಲ್ಲಿ ‘ಡ’, ‘ರ’, ‘ಕ’, ‘ಪ್ಪ’ ನಾಲ್ಕಕ್ಕೂ ತಲೆಕಟ್ಟು ಇದೆ. ‘ಕ’ದ ತಲೆಕಟ್ಟು ಹೋಗಿದ್ದರೆ ಉಳಿದ ಮೂರರ ದಪ್ಪ, ಓರೆ, ತುದಿಯ ಕೊಕ್ಕೆಯನ್ನು ಅಳೆದು ಹೊಸದಾಗಿ ಬರೆಯಬಹುದು. ಆದರೆ ಒಂದನ್ನು ನಕಲು ಮಾಡಿ ಅಂಟಿಸುವುದು ಸಲ್ಲದು: ಕೈಬರಹದಲ್ಲಿ ಎರಡು ತಲೆಕಟ್ಟು ಒಂದೇ ತೆರನಾಗಿ ಇರುವುದಿಲ್ಲ, ಹಾಗೆ ಅಂಟಿಸಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮಡಿಕೆಯಲ್ಲಿ ಸಿಕ್ಕ ‘ಣ’ದ ಒತ್ತಿನಲ್ಲಿ ಇನ್ನೊಂದು ತಪ್ಪು ನಡೆಯುವುದುಂಟು. ಮೇಲಿನ ‘ಣ’ವನ್ನೇ ಅರ್ಧಕ್ಕೆ ಕುಗ್ಗಿಸಿ ಕೆಳಗಿಟ್ಟರೆ ಗೆರೆಯ ದಪ್ಪವೂ ಅರ್ಧವಾಗಿ ಒತ್ತು ಬಡಕಲಾಗುತ್ತದೆ. ದೊಡ್ಡ ಶೀರ್ಷಿಕೆ ಬರೆಯುವ ಕಲಾವಿದ ಒತ್ತಿಗೂ ಬಹುತೇಕ ಅದೇ ಕುಂಚ ಹಿಡಿದಿರುತ್ತಾನೆ. ಹಾಗಾಗಿ ‘ಪ್ಪ’ದ ಒತ್ತಿನ ದಪ್ಪವನ್ನು ಅಳತೆಗೋಲಾಗಿ ಇಟ್ಟುಕೊಂಡು ಬರೆಯುವುದು ಮೇಲು.

ಬಣ್ಣವನ್ನು ಬಿಸಿಲು ತಾಗದ ಮಡಿಕೆಯ ಒಳಭಾಗದಿಂದ ಆರಿಸಬೇಕು, ಏಕೆಂದರೆ ಮೂಲದ ಕೆಂಪಿಗೆ ಹೆಚ್ಚು ಹತ್ತಿರವಾದದ್ದು ಅಲ್ಲಿ ಉಳಿದಿರುತ್ತದೆ. ತುಂಬಿದ ಬಣ್ಣ ಪ್ಲಾಸ್ಟಿಕ್‌ನಂತೆ ಸಪಾಟಾಗಿ ಕಂಡರೆ, ಅಕ್ಷರದ ಪದರವನ್ನು ‘ಮಲ್ಟಿಪ್ಲೈ’ ವಿಧಾನದಲ್ಲಿ ಸ್ಕ್ಯಾನಿನ ಮೇಲೆ ಕೂರಿಸಿ ಕಾಗದದ ನಾರು ತೋರುವಂತೆ ಮಾಡಬಹುದು. ಕೊನೆಗೆ ಪದರವನ್ನು ತೆರೆದು ಮುಚ್ಚಿ ಹೋಲಿಸಬೇಕು. ಆಗ ಅಕ್ಷರದ ಅಂಚು ಜಿಗಿದಂತೆ ಕಂಡರೆ ಅಲ್ಲಿ ಗೆರೆ ತಪ್ಪಿದೆ ಎಂದೇ ಅರ್ಥ. ಊಹಿಸಿ ಬರೆದ ಭಾಗಗಳನ್ನು ಬೇರೆ ಪದರದಲ್ಲಿಟ್ಟು, ಮೂಲ ಸ್ಕ್ಯಾನನ್ನು ಮುಟ್ಟದೆ ಉಳಿಸಿದರೆ, ಅದೇ ಪೋಸ್ಟರಿನ ಇನ್ನೊಂದು ಪ್ರತಿ ಸಿಕ್ಕಾಗ ಆ ಭಾಗಗಳನ್ನಷ್ಟೇ ತಿದ್ದಬಹುದು.